ಇನ್ನೂರು ಟೀ ಶರ್ಟಿಗೆ ಒಂದು ಇಮೇಲ್

ತಿರುಪ್ಪೂರಿನ ಯಾವುದೇ ಬಟ್ಟೆ ತಯಾರಕರ ಇಮೇಲ್ ಪೆಟ್ಟಿಗೆ ತೆರೆದರೂ ಒಂದೇ ಅಚ್ಚಿನ ಪತ್ರಗಳು ಕಾಣುತ್ತವೆ. 'ನಾನು ಹೊಸದಾಗಿ ವ್ಯಾಪಾರ ಶುರು ಮಾಡುತ್ತಿದ್ದೇನೆ. ನಿಮ್ಮ ಕನಿಷ್ಠ ಆರ್ಡರ್ ಜಾಸ್ತಿಯಾಯಿತು. ದಯವಿಟ್ಟು ಕಡಿಮೆ ಮಾಡಿ, ಒಳ್ಳೆಯ ರೇಟ್ ಕೊಡಿ. ಮುಂದೆ ದೊಡ್ಡ ಆರ್ಡರ್ ಕೊಡುತ್ತೇನೆ.' ಇವುಗಳಲ್ಲಿ ಬಹುಪಾಲಿಗೆ ಉತ್ತರವೇ ಹೋಗುವುದಿಲ್ಲ. ಹೊಸಬ ಎಂಬ ತಾತ್ಸಾರ ಇದಕ್ಕೆ ಕಾರಣವಲ್ಲ. ಉತ್ತರಿಸಲು ಬೇಕಾದ ಯಾವ ವಿವರವೂ ಆ ಪತ್ರದಲ್ಲಿ ಇರುವುದಿಲ್ಲ, ಅಷ್ಟೆ. ಎಷ್ಟು ಬಣ್ಣ, ಯಾವ ದಪ್ಪದ ಬಟ್ಟೆ, ಯಾವ ಅಳತೆ ಎಷ್ಟೆಷ್ಟು, ಯಾವಾಗ ಬೇಕು, ಹಣ ಹೇಗೆ ಎಂಬುದೊಂದೂ ಇಲ್ಲದೆ ಯಾರೂ ದರ ಹೇಳಲಾರರು. ಮುಂದೆ ಬರಲಿರುವ ದೊಡ್ಡ ಆರ್ಡರಿನ ಮಾತನ್ನಂತೂ ಅವರು ದಿನವೂ ಕೇಳುತ್ತಿರುತ್ತಾರೆ.

ಎಂಒಕ್ಯು ಎಂದು ಎಲ್ಲರೂ ಕರೆಯುವ ಈ ಕನಿಷ್ಠ ಪ್ರಮಾಣವನ್ನು ಇಳಿಸಿಕೊಳ್ಳುವ ಪತ್ರ ಹೇಗಿರಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ದಾವಣಗೆರೆಯ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ರಾಜ್ಯೋತ್ಸವದ ಹೊತ್ತಿಗೆ ಕನ್ನಡದ ಸಾಲುಗಳನ್ನು ಅಚ್ಚು ಹಾಕಿದ ಟೀ ಶರ್ಟ್ ಮಾರಬೇಕೆಂಬುದು ಆಕೆಯ ಆಸೆ. ಕೈಯಲ್ಲಿರುವುದು ಐವತ್ತು ಸಾವಿರ ರೂಪಾಯಿ. ಕೆಂಪು, ಹಳದಿ, ಕಪ್ಪು, ಬಿಳಿ ಎಂದು ನಾಲ್ಕು ಬಣ್ಣದಲ್ಲಿ ಐವತ್ತೈವತ್ತರಂತೆ ಇನ್ನೂರು ಬೇಕು ಎಂದುಕೊಂಡಿದ್ದಾರೆ. ತಿರುಪ್ಪೂರಿನ ಒಬ್ಬ ತಯಾರಕರ ದರಪಟ್ಟಿಯಲ್ಲಿ ಇರುವುದು ಹೀಗೆ: 180 ಜಿಎಸ್ಎಂ ಹತ್ತಿಯ ರೌಂಡ್ ನೆಕ್, ಒಂದಕ್ಕೆ 160 ರೂಪಾಯಿ, ಪ್ರತಿ ಬಣ್ಣಕ್ಕೆ ಕನಿಷ್ಠ 500. ಈ ದರಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನೂಲಿನ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಇವತ್ತಿನ ನಿಜವಾದ ದರ ಬೇರೆಯೇ ಇದ್ದೀತು.

ಪತ್ರ ಬರೆಯುವ ಮೊದಲು ಆಕೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ 500 ಎಂಬ ಸಂಖ್ಯೆ ಎಲ್ಲಿಂದ ಬಂತು?

ಅದು ಬಂದದ್ದು ಹೊಲಿಗೆ ಮನೆಯಿಂದಲ್ಲ, ಬಣ್ಣದ ಮನೆಯಿಂದ. ನಿಟ್ಟಿಂಗ್ ಯಂತ್ರದಿಂದ ಇಳಿದ ಬಟ್ಟೆ ಬಣ್ಣವಿಲ್ಲದ ಮಾಸಲು ಬಟ್ಟೆ. ಅದನ್ನು ಡೈಯಿಂಗ್ ಘಟಕಕ್ಕೆ ಕಳಿಸಿ, ಮುಚ್ಚಿದ ದೊಡ್ಡ ಯಂತ್ರದಲ್ಲಿ ಬಣ್ಣದ ನೀರಿನೊಡನೆ ಗಂಟೆಗಟ್ಟಲೆ ಸುತ್ತಿಸುತ್ತಾರೆ. ಒಂದು ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಬಣ್ಣ. ನೂರು ಕಿಲೋ ಹಿಡಿಯುವ ಯಂತ್ರಕ್ಕೆ ಹನ್ನೊಂದು ಕಿಲೋ ಹಾಕಿದರೆ ಸಮಯವೂ ಆವಿಯೂ ಅಷ್ಟಕ್ಕಷ್ಟೇ ಹೋಗುತ್ತವೆ, ಬಣ್ಣವೂ ಅಂದುಕೊಂಡ ಹಾಗೆ ಕೂರುವುದಿಲ್ಲ. ಕುತ್ತಿಗೆ ಪಟ್ಟಿಯ ರಿಬ್ ಬಟ್ಟೆಯನ್ನೂ ಅದೇ ಯಂತ್ರಕ್ಕೆ, ಅದೇ ಸಲಕ್ಕೆ ಹಾಕಬೇಕು. ಬೇರೆ ಸಲ ಅದ್ದಿದರೆ ಮೈ ಒಂದು ಕೆಂಪು, ಕುತ್ತಿಗೆ ಇನ್ನೊಂದು ಕೆಂಪು ಆಗಿಬಿಡುತ್ತದೆ.

ಈಗ ಗುಣಾಕಾರ. 180 ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ 180 ಗ್ರಾಂ ತೂಗುತ್ತದೆ ಎಂದರ್ಥ. ಕತ್ತರಿಸುವಾಗ ಉದುರುವ ಚೂರುಗಳನ್ನೂ ಸೇರಿಸಿದರೆ ಸರಾಸರಿ ಒಂದು ಟೀ ಶರ್ಟಿಗೆ ಸುಮಾರು 220 ಗ್ರಾಂ ಬಟ್ಟೆ ಬೇಕು. 500 ಟೀ ಶರ್ಟಿಗೆ 110 ಕಿಲೋ. ಅಂದರೆ ತಯಾರಕರ 500 ಎನ್ನುವುದು ಹಠಕ್ಕೆ ಇಟ್ಟ ಸಂಖ್ಯೆಯಲ್ಲ, ಡೈಯಿಂಗ್ ಯಂತ್ರದ ಒಂದು ಹೊಟ್ಟೆ.

ತಿರುಪ್ಪೂರಿನಲ್ಲಿ ಈ ಹಂತ ದುಬಾರಿಯಾಗಲು ಊರಿನದೇ ಒಂದು ಕಾರಣವೂ ಇದೆ. ಬಣ್ಣದ ನೀರು ನೊಯ್ಯಲ್ ನದಿಗೆ ಹರಿದು, ಕೆಳಗಿನ ಒರತ್ತುಪಾಳಯಂ ಜಲಾಶಯದಲ್ಲಿ ನಿಂತು, ರೈತರು ಕೋರ್ಟಿಗೆ ಹೋದರು. ಹೊರಗೆ ಒಂದು ಹನಿ ಕೊಳಚೆಯನ್ನೂ ಬಿಡಬಾರದೆಂಬ ನಿಯಮ ಪಾಲಿಸದ ಡೈಯಿಂಗ್ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶ ಮಾಡಿತು. ಇವತ್ತು ಅಲ್ಲಿ ಬಳಸಿದ ನೀರನ್ನು ಶುದ್ಧಮಾಡಿ, ಉಪ್ಪನ್ನು ಬೇರ್ಪಡಿಸಿ, ಮತ್ತೆ ಬಳಸಬೇಕು. ಆ ಖರ್ಚು ಪ್ರತಿ ಕಿಲೋ ಬಟ್ಟೆಯ ಮೇಲೂ ಕೂರುತ್ತದೆ. ಅರ್ಧ ತುಂಬಿದ ಯಂತ್ರವನ್ನು ಓಡಿಸಿ ಎಂದು ಕೇಳುವ ಹೊಸ ವ್ಯಾಪಾರಿ ನಿಜಕ್ಕೂ ಕೇಳುತ್ತಿರುವುದು ಏನು ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟು ತಿಳಿದ ಮೇಲೆ ದಾರಿಯೂ ಕಾಣುತ್ತದೆ. ಬಣ್ಣ ಹಾಕುವುದಕ್ಕೆ ತಾನೇ ಕನಿಷ್ಠ ಮಿತಿ? ಆಗಲೇ ಬಣ್ಣ ಹಾಕಿಟ್ಟ ಬಟ್ಟೆಯಿದ್ದರೆ ಆ ಮಿತಿ ಅನ್ವಯಿಸುವುದೇ ಇಲ್ಲ. ದೇಶದೊಳಗಿನ ಮಾರುಕಟ್ಟೆಗೆ ಕೆಲಸ ಮಾಡುವ ತಯಾರಕರ ಬಳಿ ಕಪ್ಪು, ಬಿಳಿ, ಕಡುನೀಲಿ, ಕೆಂಪಿನಂಥ ಬಣ್ಣಗಳ ರೋಲುಗಳು ಸಾಮಾನ್ಯವಾಗಿ ಇರುತ್ತವೆ. ಕೆಲವು ಹಳೆಯ ಆರ್ಡರಿನಿಂದ ಉಳಿದವು, ಕೆಲವು ಬೇಕೆಂದೇ ಇಟ್ಟುಕೊಂಡವು. ಒಂದು ರೋಲು ಸುಮಾರು 20ರಿಂದ 25 ಕಿಲೋ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ನೂರು ಟೀ ಶರ್ಟ್ ಆಗುತ್ತವೆ. ಹಾಗಾಗಿ 500ರ ಕೆಳಗಿನ ಸಹಜ ಸಂಖ್ಯೆ ಐವತ್ತಲ್ಲ, ಮುನ್ನೂರಲ್ಲ, ನೂರು. ನಾಲ್ಕು ಬಣ್ಣದಲ್ಲಿ ಐವತ್ತೈವತ್ತು ಕೇಳಿದರೆ ನಾಲ್ಕು ರೋಲು ಬಿಚ್ಚಿ ನಾಲ್ಕನ್ನೂ ಅರ್ಧಕ್ಕೆ ಬಿಡಬೇಕು. ಎರಡು ಬಣ್ಣದಲ್ಲಿ ನೂರುನೂರು ಕೇಳಿದರೆ ಎರಡು ರೋಲು ಪೂರ್ತಿ ಖಾಲಿ. ಒಟ್ಟು ಸಂಖ್ಯೆ ಒಂದೇ ಆದರೂ ತಯಾರಕರಿಗೆ ಇವೆರಡೂ ಬೇರೆ ಬೇರೆ ಆರ್ಡರುಗಳು.

ದರದ ವಿಷಯಕ್ಕೆ ಬಂದರೆ, ಹೊಸಬರ ಜಗ್ಗಾಟ ಬಹುತೇಕ ತಪ್ಪು ಕಡೆಗೆ ಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಪ್ರಮಾಣವನ್ನೂ ಇಳಿಸಿ, ದರವನ್ನೂ ಇಳಿಸಿ ಎಂದು ಎರಡನ್ನೂ ಒಟ್ಟಿಗೆ ಕೇಳುತ್ತಾರೆ. ಪ್ರಮಾಣ ಇಳಿದಾಗ ತಯಾರಕರ ಖರ್ಚು ನಿಜವಾಗಿಯೂ ಏರುತ್ತದೆ. ಬಟ್ಟೆಯ ಖರ್ಚು ಬದಲಾಗದಿರಬಹುದು. ಆದರೆ ಕಟಿಂಗ್ ಮಾಸ್ಟರ್ ಮಾರ್ಕರ್ ಹಾಕಿ, ಬಟ್ಟೆ ಹಾಸಿ, ಅಳತೆ ಹೊಂದಿಸುವ ಕೆಲಸ ಮೂವತ್ತು ಪದರಕ್ಕೂ ನೂರು ಪದರಕ್ಕೂ ಹತ್ತಿರಹತ್ತಿರ ಅಷ್ಟೇ. 'ಪವರ್ ಟೇಬಲ್' ಎಂದು ಅಲ್ಲಿಯವರು ಕರೆಯುವ ಹೊಲಿಗೆ ಸಾಲಿನಲ್ಲಿ ಬಣ್ಣ ಬದಲಾದಾಗಲೆಲ್ಲ ಪ್ರತಿ ಓವರ್‌ಲಾಕ್, ಫ್ಲ್ಯಾಟ್‌ಲಾಕ್ ಯಂತ್ರದ ನೂಲುಂಡೆಗಳನ್ನೂ ಬದಲಿಸಬೇಕು. ಪೀಸ್ ರೇಟಿಗೆ ದುಡಿಯುವ ಕಾರ್ಮಿಕರು ಸಣ್ಣ ಆರ್ಡರನ್ನು ಇಷ್ಟಪಡುವುದಿಲ್ಲ. ಕೈ ಕೂಡಿ ವೇಗ ಬರುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ.

ನಮ್ಮ ದಾವಣಗೆರೆಯ ವ್ಯಾಪಾರಿ ಒಂದು ಕಾಗದ ತೆಗೆದುಕೊಂಡು ಎರಡು ಲೆಕ್ಕ ಹಾಕಲಿ. ದರಪಟ್ಟಿಯಂತೆ ಎರಡು ಬಣ್ಣದಲ್ಲಿ ಸಾವಿರ ಟೀ ಶರ್ಟ್ ಕೊಂಡರೆ 1,60,000 ರೂಪಾಯಿ. ಇನ್ನೂರನ್ನು 185ರಂತೆ ಕೊಂಡರೆ 37,000. ಒಂದೊಂದಕ್ಕೆ 25 ರೂಪಾಯಿ ಹೆಚ್ಚು ತೆತ್ತಂತಾಯಿತು, ಒಟ್ಟು 5,000. ಆದರೆ ಮೊದಲ ಹಂಗಾಮಿನಲ್ಲಿ ಮಾರಾಟವಾಗುವುದು ಇನ್ನೂರೇ ಎಂದಾದರೆ, ಅಗ್ಗದ ದರಕ್ಕೆ ಕೊಂಡ ಉಳಿದ ಎಂಟುನೂರರಲ್ಲಿ 1,28,000 ರೂಪಾಯಿ ಸಿಕ್ಕಿಬಿದ್ದಿರುತ್ತದೆ. ಐದು ಸಾವಿರ ಉಳಿಸಲು ಇಲ್ಲದ ಹಣವನ್ನು ಸಾಲ ತಂದು ಮನೆಯ ಅಟ್ಟದಲ್ಲಿ ಪೇರಿಸಿದಂತೆ. ಆದ್ದರಿಂದ ಮೊದಲ ಪತ್ರದಲ್ಲಿ ಆಕೆ ದರ ಏರಿಸಲು ತಾವಾಗಿ ಒಪ್ಪಬೇಕು, ಅದರ ಬದಲಿಗೆ ಪ್ರಮಾಣ ಇಳಿಸಿಕೊಳ್ಳಬೇಕು. ಎಷ್ಟು ಏರಿಕೆ ಎನ್ನುವುದಷ್ಟೇ ಮಾತುಕತೆಯ ವಿಷಯ.

ತಿರುಪ್ಪೂರಿಗೆ ಹೋಗುವ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಅದರ ಒಕ್ಕಣೆ ಹೀಗೆ:

ವಿಷಯ: 180 ಜಿಎಸ್ಎಂ ರೌಂಡ್ ನೆಕ್, ಸ್ಟಾಕ್ ಬಟ್ಟೆಯಲ್ಲಿ 2 ಬಣ್ಣ, 200 ಪೀಸ್, ಸೆಪ್ಟೆಂಬರ್ ಕೊನೆಗೆ

ನಮಸ್ಕಾರ. ನಾನು ದಾವಣಗೆರೆಯಲ್ಲಿ ಟೀ ಶರ್ಟ್ ವ್ಯಾಪಾರ ಆರಂಭಿಸುತ್ತಿದ್ದೇನೆ. ಜಿಎಸ್‌ಟಿ ನೋಂದಣಿ ಆಗಿದೆ, ಸಂಖ್ಯೆ ಕೆಳಗಿದೆ. ನಿಮ್ಮ ದರಪಟ್ಟಿ ನೋಡಿದೆ. ಪ್ರತಿ ಬಣ್ಣಕ್ಕೆ 500 ಎಂಬುದು ಹೊಸದಾಗಿ ಡೈ ಮಾಡಿಸುವ ಬಟ್ಟೆಗೆ ಎಂದು ಭಾವಿಸಿದ್ದೇನೆ. ನನಗೆ ಹೊಸದಾಗಿ ಡೈ ಮಾಡಿಸುವುದು ಬೇಡ. ನಿಮ್ಮಲ್ಲಿ ಈಗ ಇರುವ ಬಟ್ಟೆಯಲ್ಲಿ ಕೆಂಪು ಒಂದು ರೋಲು, ಕಪ್ಪು ಒಂದು ರೋಲು ಸಾಕು.

ಪ್ರತಿ ಬಣ್ಣದ ನೂರರಲ್ಲಿ ಎಸ್ 10, ಎಂ 25, ಎಲ್ 30, ಎಕ್ಸ್‌ಎಲ್ 25, ಡಬಲ್ ಎಕ್ಸ್‌ಎಲ್ 10. ಪ್ರಿಂಟ್ ಬೇಡ, ಬ್ರ್ಯಾಂಡ್ ಲೇಬಲ್ ಬೇಡ, ಅಳತೆಯ ಲೇಬಲ್ ಸಾಕು.

ಸಣ್ಣ ಆರ್ಡರಿಗೆ ದರ ಹೆಚ್ಚಾಗುವುದು ನನಗೆ ಗೊತ್ತು. ಪೀಸಿಗೆ 180 ರೂಪಾಯಿ ಮತ್ತು ಜಿಎಸ್‌ಟಿ ಕೊಡಬಲ್ಲೆ. ಅರ್ಧ ಹಣ ಆರ್ಡರಿನ ಜೊತೆ, ಉಳಿದದ್ದು ಮಾಲು ಕಳಿಸುವ ಮೊದಲು. ಸೆಪ್ಟೆಂಬರ್ ಕೊನೆಯೊಳಗೆ ನಿಮ್ಮ ಸಾಲು ಯಾವಾಗ ಬಿಡುವಾಗಿರುತ್ತದೋ ಆಗ ಹೊಲಿಸಿದರಾಯಿತು.

ಮೊದಲು ಎರಡು ಬಣ್ಣದಲ್ಲೂ ಒಂದೊಂದು ಎಲ್ ಅಳತೆಯ ಸ್ಯಾಂಪಲ್ ಕಳಿಸಿ. ಅದರ ಬೆಲೆ ಮತ್ತು ಕೊರಿಯರ್ ಖರ್ಚು ಕೊಡುತ್ತೇನೆ. ಮಾಲು ಆ ಸ್ಯಾಂಪಲ್ಲಿನಂತೆಯೇ ಇರಬೇಕು. ಹೊಲಿಗೆ ಬಿಟ್ಟದ್ದು, ತೂತು, ಎಣ್ಣೆ ಕಲೆ ಇರುವವನ್ನು ಮಾಲು ಬಂದ 7 ದಿನದೊಳಗೆ ಫೋಟೊ ಸಮೇತ ತಿಳಿಸುತ್ತೇನೆ. ಅವುಗಳ ಬೆಲೆಯನ್ನು ಮುರಿದುಕೊಡಲು ಸಾಧ್ಯವೇ ತಿಳಿಸಿ.

ಪತ್ರ ಇಷ್ಟೇ. ಇದರಲ್ಲಿ ತನ್ನ ಕನಸಿನ ವರ್ಣನೆ ಇಲ್ಲ, ಮುಂದಿನ ದೊಡ್ಡ ಆರ್ಡರಿನ ಆಮಿಷ ಇಲ್ಲ, 'ಬೇರೆಯವರು ಕಡಿಮೆಗೆ ಕೊಡುತ್ತಾರೆ' ಎಂಬ ಬೆದರಿಕೆಯೂ ಇಲ್ಲ. ತಯಾರಕರ ಕಚೇರಿಯಲ್ಲಿ ಇದನ್ನು ಓದುವವರು ಗೋದಾಮಿಗೆ ಒಂದು ಫೋನ್ ಮಾಡಿ ರೋಲು ಇದೆಯೇ ಎಂದು ಕೇಳಿದರೆ ಉತ್ತರ ಸಿದ್ಧ.

ಸಮಯದ ಸಾಲು ಸುಮ್ಮನೆ ಬರೆದದ್ದಲ್ಲ. ದೀಪಾವಳಿಗೆ ಮೊದಲು ತಿರುಪ್ಪೂರಿನಲ್ಲಿ ದೇಶದ ಅಂಗಡಿಗಳ ಹಬ್ಬದ ಆರ್ಡರುಗಳು ಓಡುತ್ತಿರುತ್ತವೆ, ಹಬ್ಬಕ್ಕೆ ಹೊರ ಊರುಗಳ ಕಾರ್ಮಿಕರು ಊರಿಗೆ ಹೋದರೆ ಹೊಲಿಗೆ ಸಾಲುಗಳು ಎಷ್ಟೋ ದಿನ ಖಾಲಿ. ನವೆಂಬರ್ 1ಕ್ಕೆ ಮಾಲು ಬೇಕಾದವರು ಅಕ್ಟೋಬರಿನಲ್ಲಿ ಪತ್ರ ಬರೆದರೆ ದರಕ್ಕಿಂತ ಮೊದಲು ದಿನವೇ ಸಿಗುವುದಿಲ್ಲ. ಆಗಸ್ಟಿನ ಮೊದಲ ವಾರದಲ್ಲಿ ಬರೆದು, 'ನಿಮ್ಮ ಬಿಡುವಿಗೆ ಹೊಲಿಸಿ' ಎಂದವರಿಗೆ ಎರಡು ದೊಡ್ಡ ಆರ್ಡರುಗಳ ನಡುವಿನ ಸಂದಿಯಲ್ಲಿ ಜಾಗ ಸಿಗುತ್ತದೆ. ಕೊಳ್ಳುವವರಿಗೆ ಖರ್ಚಿಲ್ಲದ, ಮಾರುವವರಿಗೆ ಬೆಲೆಯುಳ್ಳ ರಿಯಾಯಿತಿ ಎಂದರೆ ಇದೇ.

ಉಧಾರ ಕೇಳದಿರುವುದೂ ಅಷ್ಟೇ ಮುಖ್ಯ. ಮೊದಲ ಆರ್ಡರಿನಲ್ಲೇ ಮೂವತ್ತು ದಿನದ ಕ್ರೆಡಿಟ್ ಕೇಳಿದರೆ ಆ ಪತ್ರ ಅಲ್ಲಿಗೇ ಮುಗಿಯಿತು ಎನ್ನಬಹುದು. ಹಾಗೆಂದು ಪೂರ್ತಿ ಹಣ ಮುಂಗಡ ಕೊಡಲೂ ಬಾರದು. ಅರ್ಧ ಹಣ ತನ್ನ ಕೈಯಲ್ಲಿದ್ದರೆ ಮಾತ್ರ ಮಾಲು ಹೊರಡುವ ಮೊದಲು ಫೋಟೊ, ತೂಕ, ಅಳತೆ ಕೇಳುವ ಬಲ ಇರುತ್ತದೆ.

ಎರಡು ದಿನದ ಮೇಲೆ ಉತ್ತರ ಬಂತು ಎನ್ನಿ. 'ಕೆಂಪು 24 ಕಿಲೋದ ರೋಲು, ಕಪ್ಪು 21 ಕಿಲೋ ಇದೆ. ಕೆಂಪು ಸ್ವಲ್ಪ ಗಾಢ. ದರ 190. ಮುಂಗಡ ಅರವತ್ತು ಪರ್ಸೆಂಟ್. ಸೆಪ್ಟೆಂಬರ್ 20ರ ಹೊತ್ತಿಗೆ ಕೊಡಬಹುದು.' ಹಣದ ಅಂತರ ಹತ್ತೇ ರೂಪಾಯಿ. ಇಲ್ಲಿ ಹೆಚ್ಚಿನವರು 'ಲಾಸ್ಟ್ ಪ್ರೈಸ್ 182' ಎಂದು ಸಂಖ್ಯೆಗೆ ಸಂಖ್ಯೆ ಎಸೆಯುತ್ತಾರೆ. ಉತ್ತರದಲ್ಲಿರುವ ತೂಕಗಳನ್ನು ಓದಿದವರಿಗೆ ಬೇರೆ ಮಾತು ಹೊಳೆಯುತ್ತದೆ. 24 ಕಿಲೋದಲ್ಲಿ ನೂರು ಟೀ ಶರ್ಟ್ ಹೊಲಿದರೆ ಎರಡು ಕಿಲೋ ಕೆಂಪು ತುಂಡು ಉಳಿಯುತ್ತದೆ. ಅಷ್ಟು ಬಟ್ಟೆ ತಯಾರಕರಿಗೆ ಯಾವುದಕ್ಕೂ ಬಾರದು, ಚಿಂದಿಯ ದರಕ್ಕೆ ಹೋಗುತ್ತದೆ. ಹಾಗಾಗಿ ಆಕೆಯ ಎರಡನೆಯ ಪತ್ರ ಮೂರು ಸಾಲಿನದು: 'ಎರಡೂ ರೋಲನ್ನು ಪೂರ್ತಿ ಕತ್ತರಿಸಿ. ಅಂದಾಜು ಕೆಂಪು 109, ಕಪ್ಪು 95 ಬರಬಹುದು, ಬಂದಷ್ಟನ್ನೂ ತೆಗೆದುಕೊಳ್ಳುತ್ತೇನೆ, ಅಳತೆಯ ಅನುಪಾತ ಮಾತ್ರ ಹಾಗೇ ಇರಲಿ. ಮುಂಗಡ ಅರವತ್ತು ಪರ್ಸೆಂಟ್ ಒಪ್ಪಿಗೆ. ಇವೆರಡಕ್ಕೆ ಪ್ರತಿಯಾಗಿ ದರ 184 ಮಾಡಿಕೊಡಿ.' ಇದಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಕೇಳಿದ ಪ್ರತಿ ರೂಪಾಯಿಗೂ ಬದಲಾಗಿ ತಯಾರಕರಿಗೆ ಏನೋ ಒಂದು ಸಿಕ್ಕಿದೆ.

204 ಟೀ ಶರ್ಟಿಗೆ 184ರಂತೆ 37,536 ರೂಪಾಯಿ. ಬೇರೆ ರಾಜ್ಯದಿಂದ ಬರುವುದರಿಂದ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ತೆರಿಗೆ ಶೇ 5, ಅಂದರೆ 1,876 ರೂಪಾಯಿ 80 ಪೈಸೆ. ಸಾಮಾನ್ಯ ನೋಂದಣಿ ಇರುವವರು ಇದನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಅದು ಖರ್ಚೇ. ಪಾರ್ಸೆಲ್ ಸಾಗಣೆ ಕೂಡಿದರೂ ಐವತ್ತು ಸಾವಿರದಲ್ಲಿ ಸುಮಾರು ಹತ್ತು ಸಾವಿರ ಉಳಿಯುತ್ತದೆ. ಆ ಹಣ ಅಚ್ಚಿಗೆ. ಅಚ್ಚನ್ನು ದಾವಣಗೆರೆಯಲ್ಲೇ ಹಾಕಿಸುವ ತೀರ್ಮಾನದ ಹಿಂದೆಯೂ ಇದೇ ಲೆಕ್ಕ ಇದೆ. ಸ್ಕ್ರೀನ್ ಪ್ರಿಂಟಿನಲ್ಲಿ ಪ್ರತಿ ಬಣ್ಣಕ್ಕೆ ಒಂದು ಸ್ಕ್ರೀನ್ ಮಾಡಿಸುವ ಖರ್ಚು ಬಿಟ್ಟರೆ ಸಣ್ಣ ಸಂಖ್ಯೆಗೆ ದೊಡ್ಡ ಅಡ್ಡಿಯಿಲ್ಲ. ಬೇಡಿಕೆ ನೋಡಿಕೊಂಡು ಇಪ್ಪತ್ತೈದರಂತೆ ಹಾಕಿಸಬಹುದು. ನವೆಂಬರ್ ಕಳೆದ ಮೇಲೂ ಅಚ್ಚಿಲ್ಲದ ಕಪ್ಪು ಟೀ ಶರ್ಟಿಗೆ ಗಿರಾಕಿ ಇರುತ್ತಾರೆ. ರಾಜ್ಯೋತ್ಸವದ ಸಾಲು ಹೊತ್ತ ಟೀ ಶರ್ಟ್ ಮಾತ್ರ ಇನ್ನೊಂದು ವರ್ಷ ಕಾಯಬೇಕು.

ಮುಂಗಡ ಕಳಿಸುವ ಮೊದಲು ಎರಡು ಪರೀಕ್ಷೆ ಬಾಕಿ. ಒಂದು, ಆ ಕಡೆ ಇರುವವರು ನಿಜವಾಗಿಯೂ ತಯಾರಕರೇ? ಅವರ ಜಿಎಸ್‌ಟಿ ಸಂಖ್ಯೆಯನ್ನು ಸರಕಾರದ ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ವ್ಯವಹಾರದ ವಿಳಾಸ, ನೋಂದಣಿ ಜಾರಿಯಲ್ಲಿದೆಯೇ, ವ್ಯವಹಾರದ ಸ್ವರೂಪ ಏನು ಎಂಬುದು ಕಾಣುತ್ತದೆ. ಕಾರ್ಖಾನೆ ಎಂದು ಹೇಳಿಕೊಂಡವರ ಹೆಸರಿನ ಮುಂದೆ ಬರೀ ಚಿಲ್ಲರೆ ವ್ಯಾಪಾರ ಎಂದಿದ್ದರೆ ಅವರು ನಡುವಿನವರು. ನಡುವಿನವರ ಬಳಿ ಕೊಳ್ಳುವುದು ತಪ್ಪೇನಲ್ಲ. ಐವತ್ತೇ ಸಾಕು ಎನ್ನುವವರಿಗೆ ತಿರುಪ್ಪೂರಿನ ಖಾದರ್‌ಪೇಟೆಯ ಮಳಿಗೆಗಳೇ ಸರಿಯಾದ ಜಾಗ, ಅಲ್ಲಿ ಉಳಿಕೆ ಮಾಲು ಕೈಗೆ ಸಿಗುತ್ತದೆ. ಆದರೆ ಅವರೊಂದಿಗೆ ರೋಲಿನ ಲೆಕ್ಕ ಮಾತಾಡಿ ಉಪಯೋಗವಿಲ್ಲ, ಅವರ ಬಳಿ ರೋಲೇ ಇರುವುದಿಲ್ಲ.

ಇನ್ನೊಂದು ಪರೀಕ್ಷೆ ಸ್ಯಾಂಪಲ್ಲಿನದು. ಇದಕ್ಕೆ ಲ್ಯಾಬ್ ಬೇಡ. ಟೀ ಶರ್ಟಿನ ಮೈಯಿಂದ ಸರಿಯಾಗಿ 10 ಸೆಂಟಿಮೀಟರ್ ಉದ್ದಗಲದ ಚೌಕ ಕತ್ತರಿಸಿ, ಪರಿಚಯದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿಡಿ. 1.8 ಗ್ರಾಂ ಬಂದರೆ 180 ಜಿಎಸ್ಎಂ. 1.6 ಬಂದರೆ ಹೇಳಿದ್ದಕ್ಕಿಂತ ತೆಳು ಬಟ್ಟೆ, ದರವೂ ಅದಕ್ಕೆ ತಕ್ಕಂತೆ ಇಳಿಯಬೇಕು. ಕತ್ತರಿಸುವ ಮೊದಲು ಉದ್ದ ಮತ್ತು ಎದೆಯ ಅಗಲ ಬರೆದಿಟ್ಟುಕೊಂಡು ಮೂರು ಸಲ ಒಗೆದು ಒಣಗಿಸಿರಬೇಕು. 70 ಸೆಂಟಿಮೀಟರ್ ಉದ್ದ ಮೂರೂವರೆ ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿದ್ದರೆ ಶೇ 5 ದಾಟಿತು ಎಂದರ್ಥ, ಅದು ದೂರು ತರುವ ಬಟ್ಟೆ. ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡಿದೆಯೇ ಎಂದೂ ನೋಡಬೇಕು. ತೆಳು ಹತ್ತಿ ನಿಟ್ಟಿನಲ್ಲಿ ಇದು ಮಾಮೂಲಿ ರೋಗ, ಒಗೆದ ಮೇಲಷ್ಟೇ ತಿಳಿಯುತ್ತದೆ. ಕೆಂಪಿನ ಮೇಲೆ ಒದ್ದೆ ಬಿಳಿ ಪಂಚೆಯ ತುಂಡನ್ನು ಹತ್ತು ಸಲ ಉಜ್ಜಿ. ಗಾಢ ಕೆಂಪಿನಲ್ಲಿ ಅಂಟದೆ ಉಳಿದ ಬಣ್ಣವನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದಿರದಿದ್ದರೆ ಪಂಚೆ ಗುಲಾಬಿಯಾಗುತ್ತದೆ. ಅಂಥ ರೋಲನ್ನು ದರ ಇಳಿಸಿ ಕೊಟ್ಟರೂ ಬೇಡ ಎನ್ನಬೇಕು. ಬಿಳಿ ಅಕ್ಷರ ಅಚ್ಚು ಹಾಕಿಸಿದ ಮೇಲೆ ಮೊದಲ ಒಗೆತದಲ್ಲಿ ಅಕ್ಷರವೂ ಕೆಂಪಾಗುತ್ತದೆ.

ಎರಡು ಸ್ಯಾಂಪಲ್ ತರಿಸಿದ್ದರೆ ಎರಡೂ ಹೀಗೆ ಕತ್ತರಿಗೆ ಹೋಗಿರುತ್ತವೆ. ಒಪ್ಪಿದ ಬಟ್ಟೆಯ ಒಂದು ತುಂಡಿಗೆ ತಾರೀಖು ಬರೆದು ತಯಾರಕರಿಗೂ ಕಳಿಸಿ, ಇನ್ನೊಂದನ್ನು ತನ್ನಲ್ಲಿಟ್ಟುಕೊಂಡರೆ ಮಾಲು ಬಂದ ದಿನ ವಾದಕ್ಕೆ ಆಧಾರ ಇರುತ್ತದೆ.

ಮಾಲು ಬಂದು, ಕೆಂಪು ಮೊದಲು ಖಾಲಿಯಾಗಿ, ಇನ್ನೊಂದು ನೂರು ಬೇಕಾಯಿತು ಎಂದಾದರೆ 'ಮೊದಲಿನದೇ ಕೆಂಪು ಕೊಡಿ' ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಆ ರೋಲು ಮುಗಿದಿದೆ. ಬೇರೆ ಲಾಟಿನ ಕೆಂಪು ಒಂದು ಎಳೆ ಬೇರೆಯಾಗಿಯೇ ಬರುತ್ತದೆ, ಹಳೆಯ ತುಂಡಿನ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ ಒಪ್ಪಬೇಕಾಗುತ್ತದೆ. ಅದೇ ಕೆಂಪು ಪ್ರತಿ ಸಲವೂ ಬೇಕು ಎನ್ನುವ ದಿನ ಬಂದಾಗ ಆಕೆ ಹೊಸದಾಗಿ ಡೈ ಮಾಡಿಸಬೇಕು. ಆಗ ಬರೆಯುವ ಪತ್ರದಲ್ಲಿ 500 ಎಂಬ ಸಂಖ್ಯೆಯನ್ನು ಇಳಿಸಲು ಕೇಳುವಂತಿಲ್ಲ. 110 ಕಿಲೋ ಬಟ್ಟೆಗೆ ಒಂದೇ ಸಲ ಬಣ್ಣ ಹಾಕಿಸಿ, ಬಟ್ಟೆಯ ಹಣ ಮೊದಲೇ ಕೊಟ್ಟು, ಹೊಲಿಗೆಯನ್ನು ನೂರುನೂರರಂತೆ ಮಾಡಿಕೊಡುವಿರಾ ಎಂದು ಕೇಳಬಹುದು.